ನೀರು ಹೀರದ ಬಟ್ಟೆ

ನಮ್ಮ ಅಕ್ಕನ ಮೂಗನ್ನು ನಂಬಿಕೊಂಡು ನಮ್ಮ ಇಡೀ ಮನೆ ಬದುಕುತ್ತಿತ್ತು. ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ನನ್ನ ವಾರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ನಮ್ಮದು ಲಾಂಡ್ರಿ. ಮುಂದೆ ಅಂಗಡಿ, ನಡುವೆ ಮೆಶಿನ್‌ಗಳಿರುವ ಒಗೆಯುವ ಕೋಣೆ, ಅದರ ಹಿಂದೆ ಮಡಿಸುವ ಕೋಣೆ, ಅದನ್ನೂ ದಾಟಿದರೆ ಅತ್ತೆಯ ಕೋಣೆ. ಒಗೆಯುವ ಕೋಣೆಯ ಪಕ್ಕಕ್ಕೆ ಅಡುಗೆಮನೆ, ಅದರಾಚೆ ನೀರಿನ ತೊಟ್ಟಿಯಿರುವ ಅಂಗಳ. ಅತ್ತೆಯ ಕೋಣೆಗೆ ಇರುವುದು ಒಂದೇ ಬಾಗಿಲು, ಕಿಟಕಿಗೆ ಕಬ್ಬಿಣದ ಸರಳು. ಸೊಂಟದ ಮೂಳೆ ಮುರಿದ ಮೇಲೆ ಅವರು ತಾವಾಗಿ ಮಂಚ ಬಿಟ್ಟು ಎದ್ದವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆವತ್ತು ನಮ್ಮ ಜೀವ ಬಾಯಿಗೆ ಬಂದದ್ದು ಆ ಒಂದೇ ಬಾಗಿಲಿನಿಂದಾಗಿ.

ಬೀದಿಯವರು ಅಕ್ಕನನ್ನು ‘ಮೂಗಿನಕ್ಕ’ ಎನ್ನುತ್ತಿದ್ದರು. ಯಾರದೇ ಅಂಗಿಯಿರಲಿ, ಒಮ್ಮೆ ಮೂಗಿಗೆ ಹಿಡಿದರೆ ಸಾಕು, ಇದು ಬೆವರು, ಇದು ಗಾಡಿಯ ಎಣ್ಣೆ, ಇದು ಸಿಗರೇಟು ಎಂದು ಮುಖಕ್ಕೆ ಹೊಡೆದಂತೆ ಹೇಳಿಬಿಡುತ್ತಿದ್ದಳು. ಕೆಲವು ಗಂಡಸರು ಅವಳು ಅಂಗಡಿಯಲ್ಲಿ ಇಲ್ಲದ ಹೊತ್ತು ನೋಡಿಕೊಂಡು ಬಟ್ಟೆ ಕೊಟ್ಟು ಓಡುತ್ತಿದ್ದರು.

“ನಿನ್ನ ಮೂಗಿಗೆ ಹೆದರಿ ಗಿರಾಕಿಗಳೇ ಬರಲ್ಲ ಕಣೆ” ಎಂದು ಭಾವ ರೇಗಿಸುತ್ತಿದ್ದರು. ಭಾವ ಎಂದರೆ ಅವಳ ಗಂಡ, ನಮ್ಮ ವ್ಯಾನ್ ಓಡಿಸುವವರು.

“ಹೆದರೋರು ಹೆದರಲಿ ಬಿಡಿ. ಮನೇಲಿ ಹೇಳದೆ ಕುಡಿದು ಬರೋರೇ ಹೆದರೋದು” ಎನ್ನುತ್ತಿದ್ದಳು ಅಕ್ಕ. ಭಾವ ಅಲ್ಲಿಂದ ಮೆಲ್ಲಗೆ ಜಾಗ ಖಾಲಿ ಮಾಡುತ್ತಿದ್ದರು.

ಒಗೆದ ಬಟ್ಟೆಗೆ ವಾಸನೆಯೇ ಇರಬಾರದು ಎನ್ನುವುದು ಅವಳ ಹಟ. ಹೂವಿನ ವಾಸನೆಯೂ ಬೇಡ, ಹಣ್ಣಿನ ವಾಸನೆಯೂ ಬೇಡ. ಮೂಗಿಗೆ ಒತ್ತಿ ಹಿಡಿದರೆ ಏನೂ ಗೊತ್ತಾಗಬಾರದು, ಆಗಲೇ ಅದು ಶುದ್ಧ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಇದನ್ನು ಕೇಳಿ ನಕ್ಕಿದ್ದೆ. ಆಮೇಲೆ ಒಂದು ದಿನ ಜಿಡ್ಡು ಹಿಡಿದ ಬಾಣಲೆಯನ್ನು ಬರೀ ನೀರು ಸುರಿದು ಸುರಿದು ತೊಳೆಯುತ್ತ ನಿಂತಿದ್ದ ನನ್ನನ್ನು ನೋಡಿ ನಗುವ ಸರದಿ ಅವಳದಾಯಿತು.

“ಏನೇ, ಬಾಣಲೆಗೆ ಸ್ನಾನ ಮಾಡಿಸ್ತಿದ್ದೀಯಾ? ನೀನು ಕೆರೆ ತಂದು ಸುರಿದ್ರೂ ಅದು ಹೋಗಲ್ಲ. ನೋಡಿಲ್ಲಿ, ನೀರು ಹೇಗೆ ಮುದುಡಿಕೊಂಡು ಗುಂಡಗೆ ಜಾರ್ತಿದೆ. ನೀರಿಗೆ ನೀರಿನ ಮೇಲೇ ಪ್ರೀತಿ. ಜಿಡ್ಡನ್ನ ಅದು ಹತ್ರಕ್ಕೂ ಸೇರಿಸಲ್ಲ.”

ಆಮೇಲೆ ಚೂರು ಸೋಪು ಹಾಕಿ ಉಜ್ಜಿದಳು. ಬಾಣಲೆಯ ನೀರು ಹಾಲಿನಂತೆ ಬೆಳ್ಳಗಾಯಿತು, ಚೆಲ್ಲಿದರೆ ಜಿಡ್ಡೂ ಅದರ ಜೊತೆಗೇ ಹೋಯಿತು. ಸೋಪಿನ ಕಣ್ಣಿಗೆ ಕಾಣದಷ್ಟು ಸಣ್ಣ ಕಣಕ್ಕೂ ಒಂದು ತಲೆ, ಒಂದು ಬಾಲ ಇರುತ್ತದಂತೆ. ತಲೆಗೆ ನೀರು ಬೇಕು, ಬಾಲಕ್ಕೆ ನೀರು ಕಂಡರಾಗದು, ಅದು ಹೋಗಿ ಜಿಡ್ಡಿನೊಳಗೆ ನುಗ್ಗುತ್ತದೆ. ನಾವು ಉಜ್ಜಿದಾಗ ಜಿಡ್ಡು ಹನಿಹನಿಯಾಗಿ ಒಡೆಯುತ್ತದೆ. ಒಂದೊಂದು ಹನಿಯ ಸುತ್ತಲೂ ಬಾಲಗಳು ಒಳಗೆ, ತಲೆಗಳು ಹೊರಗೆ. ಹೊರಗೆಲ್ಲ ನೀರಿಗೆ ಬೇಕಾದ ತಲೆಗಳೇ ಇರುವುದರಿಂದ ನೀರು ಆ ಹನಿಯನ್ನು ಒಪ್ಪಿಕೊಂಡು ಎತ್ತಿಕೊಂಡು ಹೋಗುತ್ತದೆ. ಹನಿಗಳು ಮತ್ತೆ ಒಂದಾಗಿ ಬಟ್ಟೆಗೆ ಅಂಟುವುದಿಲ್ಲ. ಇದನ್ನೆಲ್ಲ ಅವಳಿಗೆ ಹೇಳಿಕೊಟ್ಟವನು ಅಂಗಡಿ ಅಂಗಡಿಗೆ ಡಿಟರ್ಜೆಂಟ್ ಮೂಟೆ ತಂದು ಹಾಕುವ ಮನುಷ್ಯ. ನಾವು ಅವನನ್ನು ಪುಡಿಯಣ್ಣ ಎನ್ನುತ್ತೇವೆ.

“ಅಂದ್ರೆ ಸೋಪು ಅನ್ನೋದು ನನ್ನ ಹಾಗೆ” ಎಂದೆ ನಾನು. “ಒಂದು ಕೈಯಲ್ಲಿ ಗಂಡ, ಇನ್ನೊಂದು ಕೈಯಲ್ಲಿ ಅತ್ತೆ.”

“ನೀನು ಬಂದು ಇನ್ನೂ ತಿಂಗಳಾಗಿಲ್ಲ, ನಾಲಿಗೆ ನೋಡು!” ಎಂದು ಅಕ್ಕ ನನ್ನ ಬೆನ್ನಿಗೆ ಒದ್ದೆ ಕೈಯಲ್ಲೇ ಒಂದು ಕೊಟ್ಟಳು. ಅಂದಿನಿಂದ ನಾವಿಬ್ಬರೂ ಗೆಳತಿಯರು.

ಅತ್ತೆಯ ಜೊತೆ ಮಾತ್ರ ಅವಳಿಗೆ ಎಣ್ಣೆ ನೀರಿನ ಸಂಬಂಧ. ಅತ್ತೆಯನ್ನು ಎತ್ತಿ ಕೂರಿಸುವುದು, ಮೈ ಒರೆಸುವುದು, ತಲೆ ಬಾಚುವುದು ಎಲ್ಲವೂ ಅಕ್ಕನೇ. ನನ್ನ ಕೈ ಒರಟು ಎಂದು ಅತ್ತೆ ನನ್ನನ್ನು ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ಅಷ್ಟೆಲ್ಲ ಮಾಡಿಸಿಕೊಂಡೂ ಒಂದು ಒಳ್ಳೆ ಮಾತಿಲ್ಲ. ಮಧ್ಯಾಹ್ನವಾದರೆ ಅವರ ಕಾಲು ಹಿಮದಂತೆ ತಣ್ಣಗಾಗುತ್ತಿತ್ತು. ಆಗ ಅಕ್ಕ ಡ್ರೈಯರ್‌ನಿಂದ ತೆಗೆದ ಬೆಚ್ಚಗಿನ ಹಾಸುಬಟ್ಟೆಗಳ ಒಂದು ಗಂಟು ಕಟ್ಟಿ ತಂದು ಅವರ ಪಾದದ ಮೇಲೆ ಇಡುತ್ತಿದ್ದಳು. ಅತ್ತೆ ಕಾಲನ್ನು ಅದರೊಳಗೆ ತುರುಕಿಕೊಂಡು ಸುಖವಾಗಿ ಕಣ್ಣು ಮುಚ್ಚಿ, “ಏನೋ ಕಮಟು ವಾಸನೆ ಬರ್ತಿದೆ” ಎನ್ನುತ್ತಿದ್ದರು. ದಿನವೂ ಇದೇ ಮಾತು. ಒಮ್ಮೆ ಸೋಡಾ ವಾಸನೆ, ಒಮ್ಮೆ ಒದ್ದೆ ವಾಸನೆ, ಒಮ್ಮೆ ಯಾರದೋ ಬಾಣಲೆಯ ವಾಸನೆ. ಆ ಬಟ್ಟೆಯಲ್ಲಿ ಯಾವ ವಾಸನೆಯೂ ಇರುತ್ತಿರಲಿಲ್ಲ, ಪ್ರಮಾಣ ಮಾಡಿ ಹೇಳುತ್ತೇನೆ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಕ್ಕ ಹೊರಗೆ ಬಂದು ಇನ್ನೊಮ್ಮೆ ಬಟ್ಟೆಯನ್ನು ಮೂಸಿ ನೋಡುತ್ತಿದ್ದಳು.

ಜೀವ ಬಾಯಿಗೆ ಬಂದ ಆ ದಿನದ ಹಿಂದಿನ ದಿನ ಅತ್ತೆಯ ತಂಗಿ ನೋಡಲು ಬಂದಿದ್ದರು. ಬಾಗಿಲಲ್ಲೇ ಸೆರಗನ್ನು ಮೂಗಿಗೆ ಹಿಡಿದು, “ಅಯ್ಯೋ, ಹೇಗಿರ್ತೀಯೇ ಈ ವಾಸನೇಲಿ” ಎಂದರು. ಅತ್ತೆ, “ಏನ್ಮಾಡೋದು, ನಮ್ಮ ದೊಡ್ಡವಳ ಮೈಯೇ ಹಾಗೆ ನಾರತ್ತೆ” ಎಂದುಬಿಟ್ಟರು. ಅಕ್ಕ ಕಾಫಿ ಲೋಟ ಹಿಡಿದು ಅಲ್ಲೇ ನಿಂತಿದ್ದಳು. ಲೋಟ ಇಟ್ಟು ಹೊರಗೆ ಬಂದವಳು ಆಮೇಲೆ ಎಷ್ಟೋ ಹೊತ್ತು ಕೈಗೆ ಸೋಪು ಹಚ್ಚಿ ತೊಳೆಯುತ್ತಲೇ ಇದ್ದಳು. ಆ ಮುದುಕಿಯನ್ನು ಹಿಡಿದು ಅಲುಗಾಡಿಸಿಬಿಡಬೇಕು ಎನಿಸಿತ್ತು ನನಗೆ.

ಮರುದಿನ ಬೆಳಿಗ್ಗೆ ಅಡುಗೆ ಕಂಟ್ರಾಕ್ಟರು ಬಂದ. ದೊಡ್ಡ ದೊಡ್ಡ ಊಟಕ್ಕೆ ಕರಿಯುವುದು ಬೇಯಿಸುವುದು ಅವನ ಕೆಲಸ. ಅವನ ಅಡುಗೆಮನೆಯ ಒರೆಸುವ ಬಟ್ಟೆಗಳು ಎಣ್ಣೆಯಲ್ಲಿ ಅದ್ದಿ ತೆಗೆದ ಹಾಗಿರುತ್ತಿದ್ದವು. ಆ ಬಟ್ಟೆಗೆ ಅಕ್ಕನದು ಬೇರೆಯದೇ ಕ್ರಮ. ಕುದಿಯುವ ಹಾಗಿರುವ ಬಿಸಿನೀರು, ಕೈ ಬಿಚ್ಚಿ ಡಿಟರ್ಜೆಂಟ್ ಪುಡಿ, ಜೊತೆಗೆ ವಾಷಿಂಗ್ ಸೋಡಾ, ಎರಡು ಸಲ ಒಗೆತ. ಡ್ರೈಯರ್‌ನಲ್ಲಿ ಕೊನೆಗೆ ಬಿಸಿಯಿಲ್ಲದೆ ಸುತ್ತಿಸಿ, ಆಮೇಲೆ ತಂತಿಯ ಮೇಲೆ ಹರಡಿ, ಪೂರ್ತಿ ತಣ್ಣಗಾದ ಮೇಲೇ ಗಂಟು. ಅಡುಗೆ ಎಣ್ಣೆ ಬಟ್ಟೆಯಲ್ಲಿ ಉಳಿದರೆ ಅದು ಗಾಳಿಯ ಜೊತೆ ಸೇರಿ ತಾನಾಗಿಯೇ ಬಿಸಿಯಾಗುತ್ತದೆ. ಹರಡಿದ ಬಟ್ಟೆಯಾದರೆ ಆ ಕಾವು ಹೊರಟುಹೋಗುತ್ತದೆ. ಬಿಸಿಬಿಸಿಯಾಗಿ ಒತ್ತಿ ಗಂಟು ಕಟ್ಟಿದರೆ ಕಾವು ಒಳಗೇ ಉಳಿದು, ಏರುತ್ತಾ ಏರುತ್ತಾ ಬೆಂಕಿಕಡ್ಡಿ ಗೀರದೆಯೇ ಬೆಂಕಿ. ನಮ್ಮ ಕಸುಬಿನವರೆಲ್ಲ ಹೆದರುವುದು ಇದಕ್ಕೇ. ಹೀಗೆ ಸುಟ್ಟುಹೋದ ಒಂದು ಲಾಂಡ್ರಿಯ ಗೋಡೆಯನ್ನು ಅಕ್ಕ ನನಗೆ ತೋರಿಸಿದ್ದಳು.

“ಮಧ್ಯಾಹ್ನಕ್ಕೆ ಎಲ್ಲಾ ಬಟ್ಟೆ ಬೇಕೇ ಬೇಕಮ್ಮ” ಎಂದು ಕಂಟ್ರಾಕ್ಟರು ಬಾಗಿಲಲ್ಲೇ ಕುಣಿಯತೊಡಗಿದ. “ಸಾಯಂಕಾಲ ದೊಡ್ಡ ಊಟ ಇದೆ, ನನ್ನ ಮಾನ ಹೋಗತ್ತೆ.”

ಅವನು ಹೋದ ಮೇಲೆ ಅಕ್ಕ ಮೆಶಿನ್‌ಗೆ ಬಟ್ಟೆ ತುಂಬಿ ಪುಡಿ, ಸೋಡಾ ಹಾಕಿದಳು. ಆಮೇಲೆ ಕಪಾಟಿನ ಮೂಲೆಯಿಂದ ಒಂದು ನೀಲಿ ಬಾಟಲಿ ತೆಗೆದಳು. ಬಟ್ಟೆಯನ್ನು ಮೆತ್ತಗೆ ಮಾಡಿ ಹೂವಿನ ಪರಿಮಳ ಕೊಡುವ ದ್ರವ. ಪುಡಿಯಣ್ಣ ಎಂದೋ ಪುಕ್ಕಟೆಯಾಗಿ ಕೊಟ್ಟುಹೋಗಿದ್ದ, ಅಕ್ಕ ಅದರ ಮುಚ್ಚಳವನ್ನೂ ತೆಗೆದಿರಲಿಲ್ಲ.

“ಅದನ್ನ ಕೊನೇ ನೀರಿಗೆ ಹಾಕಬೇಕು ಅಂದಿದ್ದ ಅಲ್ವಾ ಅಕ್ಕ?” ಎಂದೆ.

“ಕೊನೇ ನೀರಿನವರೆಗೂ ಮೆಶಿನ್ ಮುಂದೆ ಕಾಯ್ತಾ ಕೂರಕ್ಕೆ ಟೈಮ್ ಎಲ್ಲಿದೆ? ಮೊದಲು ಹಾಕಿದ್ರೇನು, ಕೊನೇಲಿ ಹಾಕಿದ್ರೇನು, ಎಲ್ಲಾ ನೀರಿಗೇ ತಾನೇ ಹೋಗೋದು” ಎಂದು ಬಾಟಲಿಯನ್ನು ಗಳಗಳ ಸುರಿದಳು. ಆಮೇಲೆ ನನ್ನ ಕಡೆ ತಿರುಗದೆ, “ಇವತ್ತು ಅವರ ಕಾಲಿಗೆ ಇಡೋ ಗಂಟು ಘಮಘಮ ಅನ್ನಲಿ. ಏನಂತಾರೋ ನೋಡೋಣ” ಎಂದಳು.  ನನಗೆ ಅಯ್ಯೋ ಎನಿಸಿತು, ಮೆಶಿನ್‌ನ ಬಾಗಿಲು ಹಾಕಿದೆ.

ಮೆಶಿನ್‌ನ ಗಾಜಿನಲ್ಲಿ ನೊರೆಯೇ ಇರಲಿಲ್ಲ. ಹೊರಗೆ ಹರಿಯುವ ನೀರು ಯಾವಾಗಿನಂತೆ ಕೊಳಕು ಹಾಲಿನ ಬಣ್ಣಕ್ಕೆ ಬರದೆ, ಒಡೆದ ಹಾಲಿನ ಹಾಗೆ ಬಿಳಿ ಬಿಳಿ ತುಣುಕುಗಳನ್ನು ಹೊತ್ತು ಹೋಗುತ್ತಿತ್ತು.

“ಅಕ್ಕಾ, ನೀರು ನೋಡು, ಏನೋ ಸರಿಯಿಲ್ಲ.”

“ನೀರು ಗಡಸು ಕಣೆ, ಅದಕ್ಕೇ. ಬೇಗ ಬೇಗ ಕೈ ಆಡಿಸು, ಬಾಯಲ್ಲ.”

ಆತುರದಲ್ಲಿ ಎರಡನೇ ಒಗೆತವನ್ನೂ ಡ್ರೈಯರ್‌ನ ಕೊನೆಯ ತಣ್ಣನೆ ಸುತ್ತನ್ನೂ ಬಿಟ್ಟೆವು. ಡ್ರೈಯರ್‌ನಿಂದ ಬಟ್ಟೆ ಹೊರಗೆ ಬಂದಾಗ ಇಡೀ ಮನೆ ಹೂತೋಟ. ಅಕ್ಕ ಒಂದು ಬಟ್ಟೆಯನ್ನು ಮೂಗಿಗೆ ಒತ್ತಿ ಹಿಡಿದಳು. ಅವಳಿಗೆ ಗೊತ್ತಿದ್ದ ಪರೀಕ್ಷೆ ಅದೊಂದೇ. ಒಂದು ಗಳಿಗೆ ಹಿಡಿದವಳು, “ಎಣ್ಣೆ ಇಲ್ಲ, ಕಟ್ಟು” ಎಂದಳು. ತಂತಿಗೆ ಹರಡುವ ಮಾತನ್ನು ನಾನು ಎತ್ತುವಷ್ಟರಲ್ಲಿ ಕಂಟ್ರಾಕ್ಟರನ ಫೋನು, ಹೊರಟಿದ್ದೇನೆ, ರೆಡಿ ಇಡಿ ಎಂದು. ಬಿಸಿಬಿಸಿಯಾಗಿಯೇ ಮಡಿಸಿ, ಒತ್ತಿ, ಗಂಟು ಕಟ್ಟಿದೆವು. ಮಡಿಸುವ ಕೋಣೆಯಲ್ಲಿ ಹೋಟೆಲಿನವರ ಹಾಸುಬಟ್ಟೆಗಳು ತುಂಬಿದ್ದವು, ಬೇರೆ ಜಾಗವಿರಲಿಲ್ಲ. ಗಂಟುಗಳನ್ನು ಅತ್ತೆಯ ಕೋಣೆಯ ಬಾಗಿಲ ಪಕ್ಕದಲ್ಲೇ ಒಂದರ ಮೇಲೊಂದು ಒಟ್ಟಿದೆವು. ಒಂದನ್ನು ಅಕ್ಕ ತಾನೇ ಎತ್ತಿಕೊಂಡು ಹೋಗಿ ಅತ್ತೆಯ ಪಾದದ ಮೇಲೆ ಇಟ್ಟಳು.

ಅತ್ತೆ ಮೂಗರಳಿಸಿದರು. ಅಕ್ಕ ಕಾದಳು. ನಾನೂ ಬಾಗಿಲಲ್ಲಿ ನಿಂತು ಕಾದೆ.

“ಇದೇನು, ಸತ್ತವರ ಮನೆ ಹೂವಿನ ಹಾಗೆ” ಎಂದು ಅತ್ತೆ ಗೋಡೆಗೆ ಮುಖ ತಿರುಗಿಸಿದರು. ಕಾಲನ್ನು ಮಾತ್ರ ಗಂಟಿನೊಳಗೆ ತುರುಕಿಕೊಂಡರು.

ಅಷ್ಟರಲ್ಲಿ ಕಂಟ್ರಾಕ್ಟರನ ಇನ್ನೊಂದು ಫೋನು. ಗಾಡಿ ಕೆಟ್ಟಿದೆ, ಬರುವುದು ತಡ. ಅವನ ತಲೆಗೆ ಒಂದು ಕುಟ್ಟಬೇಕು ಎನಿಸಿತು. ಭಾವ ಹೋಟೆಲಿನಿಂದ ಬಟ್ಟೆ ತರಲು ವ್ಯಾನಿನಲ್ಲಿ ಹೋಗಿದ್ದರು, ನನ್ನ ಗಂಡ ಇಸ್ತ್ರಿ ಪೆಟ್ಟಿಗೆ ರಿಪೇರಿಗೆಂದು ಪೇಟೆಗೆ ಹೋಗಿದ್ದರು. ಮನೆಯಲ್ಲಿ ನಾವು ಮೂವರು ಹೆಂಗಸರೇ. ನಾನೂ ಅಕ್ಕನೂ ಊಟಕ್ಕೆ ಕೂತೆವು. ಅಕ್ಕನಿಗೆ ತುತ್ತು ಇಳಿಯಲಿಲ್ಲ, ತಟ್ಟೆಯನ್ನು ಹಾಗೇ ಪಕ್ಕಕ್ಕೆ ಸರಿಸಿದಳು. ಎದ್ದು ಪಾತ್ರೆ ತೊಳೆದಳು. ತೊಳೆದ ಕೈಯನ್ನು, ಗಂಟಿಗೆ ಸೇರದೆ ಉಳಿದುಹೋಗಿದ್ದ ಕಂಟ್ರಾಕ್ಟರನ ಒಂದು ಬಟ್ಟೆಗೆ ಒರೆಸಿಕೊಂಡಳು.

ಕೈ ಒಣಗಲಿಲ್ಲ. ಇನ್ನೊಮ್ಮೆ ಒರೆಸಿದಳು. ನೀರು ಕೈಮೇಲೆಯೇ ಇತ್ತು.

ಅಕ್ಕ ಬಟ್ಟೆಯನ್ನು ಹರಡಿ ಹಿಡಿದು ಬೆರಳಿನಿಂದ ಅದರ ಮೇಲೆ ನೀರು ಚಿಮುಕಿಸಿದಳು. ನೀರು ಬಟ್ಟೆಯೊಳಗೆ ಇಳಿಯಲಿಲ್ಲ. ಗುಂಡಗೆ, ಮುತ್ತಿನಂತೆ, ಮೇಲೇ ನಿಂತಿತು. ಅವಳು ಬಟ್ಟೆ ಓರೆ ಮಾಡಿದಳು. ಹನಿಗಳು ಜಾರಿ ನೆಲಕ್ಕೆ ಬಿದ್ದವು. ಜಿಡ್ಡು ಬಾಣಲೆಯ ಮೇಲೆ ನೀರು ಹೇಗೆ ಜಾರುತ್ತಿತ್ತೋ ಥೇಟ್ ಹಾಗೆಯೇ.

ನಲ್ಲಿಯ ಬಿಸಿನೀರಿಗೆ ಆ ಬಟ್ಟೆ ಹಿಡಿದು ಹಿಂಡಿ ಮತ್ತೆ ಮೂಗಿಗೆ ಹಿಡಿದಳು. ಹೂವು ಹೋಗಿತ್ತು. 

“ಎಣ್ಣೆ ಹೋಗೇ ಇಲ್ಲ” ಎಂದಳು. “ಎಣ್ಣೆ ಎಲ್ಲಾ ಹಾಗೇ ಇದೆ ಕಣೇ! ಗಂಟು! ಅತ್ತೆ ಕಾಲ ಮೇಲೆ ಗಂಟು!”

ಓಡಿದೆವು. ಮಡಿಸುವ ಕೋಣೆಗೆ ಕಾಲಿಟ್ಟಾಗಲೇ ಮೂಗಿಗೆ ಹೊಡೆಯಿತು, ಹಳೇ ಎಣ್ಣೆ ಕರಟಿದ ವಾಸನೆ, ಅದರ ಜೊತೆಗೇ ಹಾಳು ಹೂವಿನ ವಾಸನೆ. ಅತ್ತೆಯ ಬಾಗಿಲ ಪಕ್ಕದ ಗಂಟುಗಳ ಸಂದಿನಿಂದ ಹಳದಿ ಹೊಗೆ ಎಳೆ ಎಳೆಯಾಗಿ ಏಳುತ್ತಿತ್ತು. ಒಳಗೆ ಅತ್ತೆ ಕೆಮ್ಮುತ್ತಿದ್ದರು.

ನಾನು ಮೇಲಿನ ಗಂಟಿನ ಕಟ್ಟಿಗೆ ಕೈ ಹಾಕಿದೆ, ಬಿಚ್ಚೋಣವೆಂದು. ಅಕ್ಕ ನನ್ನ ಕೈಯನ್ನು ಹೊಡೆದು ಬಿಡಿಸಿದಳು.

“ಬಿಚ್ಚಬೇಡ! ಒಳಗೆ ಗಾಳಿ ಹೋದ್ರೆ ಭಗ್ ಅನ್ನತ್ತೆ! ಮೆಶಿನ್‌ನಲ್ಲಿ ಒದ್ದೆ ಹಾಸುಬಟ್ಟೆ ಇದೆ, ಎಲ್ಲಾ ತಾ, ಓಡು!”

ನಾನು ಓಡಿ, ನೀರು ಸುರಿಯುವ ಹಾಸುಬಟ್ಟೆಗಳನ್ನು ಎದೆಗೆ ಅವಚಿಕೊಂಡು ಬರುವಷ್ಟರಲ್ಲಿ ಅಕ್ಕ ಒಳಗೆ ಹೋಗಿದ್ದಳು. ಅತ್ತೆಯ ಪಾದದ ಮೇಲಿದ್ದ ಗಂಟನ್ನು ಎರಡೂ ತೋಳಿನಲ್ಲಿ ತಬ್ಬಿಕೊಂಡು ಎತ್ತಿದಳು. ಅದು ಎಷ್ಟು ಕಾದಿತ್ತೋ, ಅವಳ ಬಾಯಿಂದ ಒಂದು ಕೂಗು ಬಂತು, ಆದರೆ ಬಿಡಲಿಲ್ಲ. ಬಾಗಿಲು ದಾಟಿ, ನನ್ನನ್ನು ತಳ್ಳಿಕೊಂಡು ಹೋಗಿ, ಅಂಗಳದ ನೀರಿನ ತೊಟ್ಟಿಗೆ ಎಸೆದಳು. ಚುಯ್ ಎಂದಿತು.

ತಿರುಗಿ ಬರುವಷ್ಟರಲ್ಲಿ ಬಾಗಿಲ ಬಳಿ ಒಟ್ಟಿದ್ದ ಗಂಟುಗಳು ಕುಸಿದು ಬಾಗಿಲಿಗೆ ಅಡ್ಡ ಬಿದ್ದವು. ಕೆಳಗಿನದರ ಕಟ್ಟು ಸುಟ್ಟು ಬಿಚ್ಚಿಕೊಂಡಿತ್ತು. ಒಳಗೆ ಕೆಂಡದ ಹಾಗೆ ಕೆಂಪಗಿತ್ತು. ನಾವು ನೋಡುತ್ತಿದ್ದ ಹಾಗೆಯೇ ಅದು ಉಸಿರೆಳೆದುಕೊಂಡು ಉರಿ ಎದ್ದಿತು. ಬಾಗಿಲಿನ ಅರ್ಧದಷ್ಟು ಎತ್ತರಕ್ಕೆ ಬೆಂಕಿ. ಆಚೆ ಅತ್ತೆ, ಈಚೆ ನಾವು.

“ದೊಡ್ಡವಳೇ!” ಎಂದು ಅತ್ತೆ ಕೂಗಿದರು. ಅವರು ಅಕ್ಕನನ್ನು ಹಾಗೆ ಕೂಗಿ ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಯಾವಾಗಲೂ “ಏಯ್” ಎನ್ನುತ್ತಿದ್ದರು.

ಅಕ್ಕ ನನ್ನ ಎದೆಯಿಂದ ಒದ್ದೆ ಹಾಸುಬಟ್ಟೆಗಳನ್ನು ಕಿತ್ತುಕೊಂಡು ಬೆಂಕಿಯ ಮೇಲೆ ಒಂದರ ಮೇಲೊಂದು ಎಸೆದಳು. ಉರಿ ಅಡಗಿತು, ಹೊಗೆ ನುಗ್ಗಿತು. ಇನ್ನೊಂದು ಹಾಸುಬಟ್ಟೆಯನ್ನು ತಲೆಗೆ ಹೊದ್ದು ಆ ಒದ್ದೆ ರಾಶಿಯನ್ನು ತುಳಿದುಕೊಂಡೇ ಒಳಗೆ ನುಗ್ಗಿದಳು. ನಾನೂ ಅವಳ ಹಿಂದೆಯೇ. ನನ್ನ ಧೈರ್ಯದ ಮಾತಲ್ಲ ಇದು, ಅವಳನ್ನು ಬಿಟ್ಟು ನಿಲ್ಲಲು ಕಾಲಿಗೆ ಗೊತ್ತಾಗಲಿಲ್ಲ ಅಷ್ಟೆ.

ಒಳಗೆ ಕಣ್ಣು ಬಿಡಲು ಆಗುತ್ತಿರಲಿಲ್ಲ. ಅತ್ತೆಯ ಭಾರ ಎತ್ತುವುದು ನಮ್ಮಿಬ್ಬರಿಂದಾಗದ ಮಾತು. “ಹಾಸಿಗೆ ಬಟ್ಟೆ ಸಮೇತ ಎಳಿ!” ಎಂದಳು ಅಕ್ಕ. ಅವರು ಮಲಗಿದ್ದ ಬಟ್ಟೆಯ ತಲೆಯ ಕಡೆಯ ಎರಡು ತುದಿಗಳನ್ನು ಒಬ್ಬೊಬ್ಬರು ಹಿಡಿದು ಎಳೆದೆವು. ಅತ್ತೆ ಮಂಚದಿಂದ ನೆಲಕ್ಕೆ ಬಿದ್ದರು.

“ಅಯ್ಯೋ, ಸಾಯಿಸ್ತಾರಲ್ಲಪ್ಪೋ! ಸೊಂಟ! ನನ್ನ ಸೊಂಟ!”

“ಬೈಯಿರಿ ಅತ್ತೆ, ಬೈಯ್ತಾನೇ ಇರಿ” ಎಂದು ಅಕ್ಕ ಕಿರುಚಿದಳು. ಕಾಣದ ಹೊಗೆಯಲ್ಲಿ ಅವರ ಉಸಿರಿದೆ ಎನ್ನಲು ನಮಗಿದ್ದ ಗುರುತು ಆ ಬೈಗುಳ ಒಂದೇ. ಬಾಗಿಲ ಬಳಿ ಒಮ್ಮೆ ಬೈಗುಳ ನಿಂತಿತು.  ಆಮೇಲೆ ಕೆಮ್ಮು ಬಂತು, ಕೆಮ್ಮಿನ ಹಿಂದೆ, “ಮೆಲ್ಲಗೆ ಎಳಿಯೇ ಮುಂಡೇದೇ” ಎನ್ನುವ ಮಾತೂ ಬಂತು. ಅಂಗಳಕ್ಕೆ ಎಳೆದು ತಂದು ಹಾಕಿದೆವು. ಅಕ್ಕಪಕ್ಕದವರು ಬಿಂದಿಗೆ, ಬಕೆಟ್ಟು ಹಿಡಿದು ಓಡಿ ಬಂದರು. ಉಳಿದ ಗಂಟುಗಳನ್ನೆಲ್ಲ ಕೋಲಿನಿಂದ ಎಳೆದು ತೊಟ್ಟಿಗೆ ಹಾಕಿ ಮುಳುಗಿಸಿದರು.

ಕೋಣೆ ಕರಕಲಾಯಿತು, ಮನೆ ಉಳಿಯಿತು. ಅತ್ತೆಯ ಪಾದದಲ್ಲಿ ಬೊಬ್ಬೆ ಎದ್ದಿತ್ತು, ಸೊಂಟಕ್ಕೆ ಹೊಸದಾಗಿ ಏನೂ ಆಗಿಲ್ಲ ಎಂದರು ಡಾಕ್ಟರು. ಅಕ್ಕನ ಎರಡೂ ಮುಂಗೈಗಳಿಗೆ ಮೊಣಕೈವರೆಗೆ ಬ್ಯಾಂಡೇಜು. ತಣ್ಣಗಾದ ಮೇಲೆ ತೊಟ್ಟಿಯಿಂದ ಒಂದು ಗಂಟನ್ನು ತೆಗೆದು ಕತ್ತರಿಸಿ ನೋಡಿದೆವು. ಹೊರಗಿನ ಬಟ್ಟೆಗಳು ಬೆಳ್ಳಗೇ ಇದ್ದವು, ನಡುವೆ ಮಾತ್ರ ಕಪ್ಪು ಬೂದಿ. ಕಂಟ್ರಾಕ್ಟರು ಬಂದು ಕೂಗಾಡಿದ. ಅಕ್ಕ ತಲೆಯೆತ್ತದೆ, “ನಂದೇ ತಪ್ಪು” ಎಂದಳು. ಭಾವನಿಗೂ ಅದನ್ನೇ ಹೇಳಿದಳು, ಅತ್ತೆಯ ಮುಂದೆ ನಿಂತೂ ಅದನ್ನೇ ಹೇಳಿದಳು.  ಅವರ ಮಂಚವನ್ನು ಮುಂದಿನ ಅಂಗಡಿಯಲ್ಲೇ ಹಾಕಿದ್ದೆವು, ಹೋಗಿ ಬರುವವರನ್ನು ನೋಡುತ್ತ ಮಲಗಿದ್ದರು.

ಅದಾದ ಮೇಲೆ ಅಕ್ಕ ಮೆಶಿನ್ ಇರುವ ಕೋಣೆಗೆ ಕಾಲಿಡಲಿಲ್ಲ. ಬಟ್ಟೆಯನ್ನು ಮೂಗಿನ ಹತ್ತಿರ ಹಿಡಿದರೆ ಮುಖ ಪಕ್ಕಕ್ಕೆ ತಿರುಗಿಸುತ್ತಿದ್ದಳು. “ನನ್ನ ಮೂಗು ಸತ್ತೋಯ್ತು ಕಣೆ. ನಾನು ಇನ್ನು ಮುಟ್ಟಲ್ಲ. ನಾನೇ ಕೈಯಾರೆ ಅವರನ್ನ ಸುಟ್ಟು ಹಾಕ್ತಿದ್ದೆ” ಎನ್ನುತ್ತಿದ್ದಳು. ರಾತ್ರಿ ಅಳುತ್ತಾಳೆ ಎಂದು ಭಾವ ನನ್ನ ಗಂಡನ ಹತ್ತಿರ ಹೇಳಿಕೊಂಡರಂತೆ. ನನಗೆ ಅಳುವವರನ್ನು ಸಮಾಧಾನ ಮಾಡಲು ಬರುವುದಿಲ್ಲ. ಸಿಟ್ಟು ಬರುತ್ತದೆ. ಸುದ್ದಿ ಕೇಳಿ ಪುಡಿಯಣ್ಣ ಬಂದಾಗ ಅವನನ್ನು ಅಂಗಳದಲ್ಲೇ ತರಾಟೆಗೆ ತೆಗೆದುಕೊಂಡೆ.

“ಕೊನೇ ನೀರಿಗೆ ಅಂತ ಹೇಳಿದ್ದೆನಮ್ಮ” ಎಂದ ಪಾಪದವನು.

“ಹೇಳಿದ್ದೆ. ಯಾಕೆ ಅಂತ ಹೇಳಿದ್ಯಾ?”

ಅವನು ತಲೆ ಕೆರೆದುಕೊಂಡ. “ಅದೂ ನಿಜಾನೇ. ಎರಡು ಲೋಟ ಕೊಡಿ.”

ಎರಡು ಗಾಜಿನ ಲೋಟದಲ್ಲಿ ಪುಡಿ ಕದಡಿದ ನೀರು. ಒಂದಕ್ಕೆ ನೀಲಿ ಬಾಟಲಿಯ ದ್ರವ ಸುರಿದ. ತಿಳಿಯಾಗಿದ್ದ ನೀರು ಕಣ್ಣೆದುರೇ ಮಬ್ಬಾಗಿ ಬಿಳಿ ತುಣುಕು ತುಣುಕಾಯಿತು. ಆಮೇಲೆ ಎರಡಕ್ಕೂ ಒಂದೊಂದು ಹನಿ ಎಣ್ಣೆ ಬಿಟ್ಟು ಚಮಚದಿಂದ ಜೋರಾಗಿ ಕಲಕಿದ. ಬರೀ ಪುಡಿಯ ನೀರಿನಲ್ಲಿ ಎಣ್ಣೆ ಕಾಣದ ಹಾಗೆ ಕರಗಿ ಹಾಲಾಯಿತು. ಇನ್ನೊಂದರಲ್ಲಿ ಕಲಕುವುದನ್ನು ನಿಲ್ಲಿಸಿದ್ದೇ ತಡ, ಎಣ್ಣೆ ಮೇಲಕ್ಕೆ ಬಂದು ಕಣ್ಣು ಬಿಟ್ಟುಕೊಂಡು ಕೂತಿತು. ಅಕ್ಕ ದೂರದ ಕಟ್ಟೆಯಲ್ಲಿ ಕೂತಿದ್ದವಳು ಎದ್ದು ಹತ್ತಿರ ಬಂದಳು.

“ಈ ನೀಲಿದಕ್ಕೂ ಒಂದು ತಲೆ, ಬಾಲ ಇದೆ” ಎಂದ ಅವನು. “ಆದ್ರೆ ಪುಡಿ ಕಣದ ತಲೇಲಿರೋದು ಒಂದು ಥರದ ವಿದ್ಯುತ್ತು, ಇದರ ತಲೇಲಿರೋದು ಅದಕ್ಕೆ ಉಲ್ಟಾ. ಉಲ್ಟಾ ಇದ್ರೆ ಎಳ್ಕೊಳ್ತವೆ. ತಲೆಗೆ ತಲೆ ಗಂಟು ಬಿದ್ದು ಎರಡೂ ಕೂತ್ಬಿಡ್ತವೆ. ಆಮೇಲೆ ನೀರನ್ನ ಹಿಡಿಯೋ ತಲೇನೇ ಇಲ್ಲ. ಜಿಡ್ಡು ಎತ್ತೋರು ಯಾರು? ಎಣ್ಣೆ ಬಟ್ಟೇಲೇ ಉಳಿಯತ್ತೆ, ಅದರ ಮೇಲೆ ಈ ತುಣುಕೂ ಮೇಣದ ಥರ ಕೂರತ್ತೆ. ಪುಡಿ ಪೂರ್ತಿ ತೊಳೆದುಹೋದ ಮೇಲೆ ಕೊನೇ ನೀರಿಗೆ ಹಾಕಿದ್ರೆ ಜಗಳಾನೇ ಇಲ್ಲ. ಅಡುಗೆಮನೆ ಬಟ್ಟೆಗಂತೂ ಅದೂ ಬೇಡ.”

ಅಕ್ಕ ಬ್ಯಾಂಡೇಜಿನ ಕೈ ಎದೆಗೆ ಒತ್ತಿಕೊಂಡು ಲೋಟದಲ್ಲಿ ತೇಲುವ ಎಣ್ಣೆಯನ್ನೇ ನೋಡುತ್ತಿದ್ದಳು. “ಅದಕ್ಕೇ ನೊರೆ ಇರ್ಲಿಲ್ಲ” ಎಂದಳು. “ಇವಳು ಹೇಳಿದ್ಲು. ನಾನು ಬೈದೆ.” ಆಮೇಲೆ ನನ್ನ ಕಡೆ ತಿರುಗಿ, “ಮೂಗಲ್ಲ ಕಣೆ ಪರೀಕ್ಷೆ. ನೀರು. ಬಟ್ಟೆ ನೀರು ಹೀರತ್ತಾ ಇಲ್ವಾ, ಅದನ್ನ ನೋಡ್ಬೇಕಿತ್ತು” ಎಂದಳು. ಎಷ್ಟೋ ದಿನದ ಮೇಲೆ ಅವಳ ದನಿಯಲ್ಲಿ ಜೀವ ಕೇಳಿ ನನಗೆ ಅಳು ಬಂತು, ಲೋಟ ತೊಳೆಯುವ ನೆಪದಲ್ಲಿ ಅತ್ತ ತಿರುಗಿದೆ.

ಆದರೂ ಅವಳು ಮೆಶಿನ್ ಕೋಣೆಗೆ ಬರಲಿಲ್ಲ. ಬರಿಸಿದ್ದು ಅತ್ತೆ.

ಒಂದು ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇರಲಿಲ್ಲ. ನಾನು ಅತ್ತೆಯ ಕಾಲಿಗೆ ಕಂಬಳಿ ಹೊದಿಸಲು ಹೋದರೆ ಒದ್ದುಬಿಟ್ಟರು. “ಇದು ಚುಚ್ಚತ್ತೆ. ದೊಡ್ಡವಳನ್ನ ಕರಿ.”

ಅಕ್ಕ ಬಂದು ದೂರದಲ್ಲೇ ನಿಂತಳು.

“ಕಾಲು ತಣ್ಣಗಿದೆ” ಎಂದರು ಅತ್ತೆ. “ಬಟ್ಟೆ ತಾ.”

“ನನ್ನ ಕೈಲಾಗಲ್ಲ ಅತ್ತೆ.”

“ನಾನು ಕೇಳಿದ್ದು ಬಟ್ಟೆ. ಆಗತ್ತೋ ಆಗಲ್ವೋ ಅಂತ ಅಲ್ಲ.” ಅತ್ತೆ ಬೀದಿಯ ಕಡೆ ನೋಡಿದರು. “ಆವತ್ತು ಗಂಟು ಬಿಸಿಯಾಗ್ತಾ ಆಗ್ತಾ ಹೋಯ್ತು. ನಂಗೆ ಗೊತ್ತಾಗ್ತಿತ್ತು. ಎಷ್ಟೋ ದಿನದ ಮೇಲೆ ಕಾಲು ಹಾಗೆ ಬೆಚ್ಚಗಾಗಿತ್ತು. ಕರೆದ್ರೆ ಎತ್ಕೊಂಡು ಹೋಗ್ತೀಯಾ ಅಂತ ಸುಮ್ನಿದ್ದೆ. ಇದನ್ನ ಯಾರಿಗೂ ಹೇಳ್ಬೇಡ.”

ನಾನು ಅಲ್ಲೇ ನಿಂತಿದ್ದೆ. ಅವರ ಲೆಕ್ಕದಲ್ಲಿ ನಾನು ಯಾರೂ ಅಲ್ಲ, ಇರಲಿ.

ಅಕ್ಕ ಮೆಶಿನ್ ಕೋಣೆಗೆ ಹೋದಳು. ಬಾಗಿಲಲ್ಲಿ ಒಂದು ಕ್ಷಣ ನಿಂತು ಒಳಗೆ ಹೋದಳು. ಕೈಗಳು ಇನ್ನೂ ಗುಣವಾಗಿರಲಿಲ್ಲ, ಅವಳು ಹೇಳಿದ ಹಾಗೆ ನಾನು ಮಾಡಿದೆ. ಮೃದುವಾದ ಒಂದು ಹಳೇ ಹಾಸುಬಟ್ಟೆ, ಬಿಸಿನೀರು, ಅಳತೆಯ ಪುಡಿ. ಗಾಜಿನಲ್ಲಿ ನೊರೆ ಏಳುವವರೆಗೆ ಅವಳು ಉಸಿರು ಹಿಡಿದಿದ್ದಳು. ಹೊರಗೆ ಹೋಗುವ ನೀರು ತಿಳಿಯಾಗುವವರೆಗೆ ಜಾಲಿಸಿದೆವು. ಒಣಗಿಸಿ, ತಂತಿಗೆ ಹರಡಿ, ತಣ್ಣಗಾದ ಮೇಲೆ ಅಕ್ಕ ಅದರ ಮೇಲೆ ಒಂದು ಹನಿ ನೀರು ಬಿಟ್ಟಳು. ನೀರು ಬಿದ್ದ ಕೂಡಲೇ ಬಟ್ಟೆಯೊಳಗೆ ಇಳಿದು ಅಗಲವಾಗಿ ಹರಡಿತು. ಇನ್ನೊಂದು ಕಡೆ ಬಿಟ್ಟಳು, ಅಲ್ಲೂ ಇಳಿಯಿತು. ಮೂಲೆ ಮೂಲೆಗೂ ಬಿಟ್ಟು ನೋಡಿದಳು. “ಇನ್ನೊಂದು ಸಲ ಒಣಗಿಸ್ಬೇಕು ಈಗ ಇದನ್ನ” ಎಂದು ನಾನು ಗೊಣಗಿದೆ. ಒಣಗಿಸಿದೆವು.

ಬಿಸಿನೀರಿನ ರಬ್ಬರ್ ಚೀಲಕ್ಕೆ ಆ ಬಟ್ಟೆ ಸುತ್ತಿ ಅಕ್ಕ ಅತ್ತೆಯ ಪಾದದ ಬಳಿ ಇಟ್ಟಳು. ಇಟ್ಟ ಕೈ ತೆಗೆಯಲಿಲ್ಲ, ಎಷ್ಟು ಬಿಸಿಯಿದೆ ಎಂದು ಬ್ಯಾಂಡೇಜಿನಿಂದ ಹೊರಗೆ ಕಾಣುವ ಬೆರಳ ತುದಿಯಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಅತ್ತೆ ಮಲಗಿದಲ್ಲಿಂದಲೇ ಕೈಗೆ ಸಿಕ್ಕ ಬಟ್ಟೆಯ ಒಂದು ಚುಂಗು ಎಳೆದುಕೊಂಡು ಮೂಗಿಗೆ ಹಿಡಿದರು. ನನಗೆ ಒಳಗೊಳಗೇ ಕುದಿಯಿತು. ಈಗಲೂ ಏನಾದರೂ ಅಂದರೆ ನಾನು ಸುಮ್ಮನಿರುವುದಿಲ್ಲ, ವಯಸ್ಸೂ ನೋಡುವುದಿಲ್ಲ, ಸೊಂಟವೂ ನೋಡುವುದಿಲ್ಲ ಎಂದು ಹಲ್ಲು ಕಚ್ಚಿಕೊಂಡು ನಿಂತೆ.

ಅತ್ತೆ ಉದ್ದಕ್ಕೆ ಉಸಿರೆಳೆದರು. ಇನ್ನೊಮ್ಮೆ ಎಳೆದರು. ಅಕ್ಕ ಮುಖ ತಗ್ಗಿಸಿದ್ದಳು.

“ಏನೂ ವಾಸನೆ ಇಲ್ಲ ಕಣೆ” ಎಂದರು ಅತ್ತೆ.